ರಾಕ್ ಸಂಗೀತವನ್ನು ಕೇಳುವ ಬಗೆ

ಧಾರವಾಡದ ಸಪ್ತಾಪುರವು ವಿದ್ಯಾರ್ಥಿಗಳು ತುಂಬಿರುವ ಬಡಾವಣೆ. ಸ್ಪರ್ಧಾತ್ಮಕ ಪರೀಕ್ಷೆಗಳ ಸಿದ್ಧತೆಗೆಂದು ಊರೂರುಗಳಿಂದ ಬಂದ ತರುಣರು ಇಲ್ಲಿ ಕೋಣೆಗಳನ್ನು ಬಾಡಿಗೆಗೆ ಹಿಡಿದು ಓದುತ್ತಾರೆ. ಗೋಡೆಗೆ ಗೋಡೆ ಹೊಂದಿಕೊಂಡಿರುವ ಇಂಥ ಕೋಣೆಗಳಲ್ಲಿ ಒಬ್ಬನು ರಾಕ್ ಹಾಡೊಂದನ್ನು ಹಚ್ಚಿದನೆಂದರೆ, ಪಕ್ಕದ ಕೋಣೆಯವನಿಗೆ ಆ ಹಾಡು ಕೇಳಿಸುವುದಿಲ್ಲ. ‘ಧುಂ ಧುಂ’ ಎಂಬ ಗುದ್ದಷ್ಟೇ ಕೇಳಿಸುತ್ತದೆ. ಹಿರಿಯರು ಅದನ್ನು ಗದ್ದಲವೆಂದು ಕರೆದು ಕಿಟಕಿಯನ್ನು ಮುಚ್ಚುತ್ತಾರೆ. ಅವರನ್ನು ದೂರುವಂತಿಲ್ಲ. ನಾಲ್ಕು ವಾದ್ಯಗಳು ಏಕಕಾಲಕ್ಕೆ, ಏರುದನಿಯಲ್ಲಿ, ಒಂದರ ಮೈಮೇಲೆ ಒಂದು ಬಿದ್ದಂತೆ ನುಡಿಯುವಾಗ ಅವುಗಳನ್ನು ಬೇರೆ ಬೇರೆಯಾಗಿ ಕೇಳುವುದು ಅಭ್ಯಾಸವಿಲ್ಲದ ಕಿವಿಗೆ ಸಾಧ್ಯವಾಗದು. ಆದರೆ ಈ ಅಭ್ಯಾಸವು ಧಾರವಾಡದ ಕಿವಿಗೆ ಪೂರ್ತಿ ಹೊಸದೇನೂ ಅಲ್ಲ.

ನಮ್ಮ ಊರಿನ ಸಂಗೀತ ಬೈಠಕ್ಕನ್ನು ನೆನೆದುಕೊಳ್ಳಿರಿ. ಗಾಯಕರ ಹಿಂದೆ ತಂಬೂರಿ, ಒಂದು ಮಗ್ಗುಲಿಗೆ ತಬಲಾ, ಇನ್ನೊಂದು ಮಗ್ಗುಲಿಗೆ ಹಾರ್ಮೋನಿಯಂ. ಕೇಳುಗನು ಗಾಯಕನ ಆಲಾಪದಲ್ಲಿ ಮೈಮರೆತಿದ್ದರೂ ತಬಲಾದ ಸಮ ಎಲ್ಲಿ ಬಿತ್ತೆಂಬುದನ್ನು ಅವನ ಕೈ ತಾನಾಗಿ ತೊಡೆಯ ಮೇಲೆ ತಟ್ಟಿ ತೋರಿಸುತ್ತದೆ. ಕಿವಿ ಹಾಡನ್ನು ಕೇಳುತ್ತಿರುವಾಗಲೇ ತಾಳವನ್ನೂ ಬೇರೆಯಾಗಿ ಕೇಳುತ್ತಿತ್ತೆಂದು ಇದರಿಂದ ತಿಳಿಯುತ್ತದೆ. ರಾಕ್ ತಂಡದಲ್ಲಿಯೂ ಇದೇ ಬಗೆಯ ಕೆಲಸದ ಹಂಚಿಕೆಯಿದೆ. ಕಾಲವನ್ನು ಅಳೆಯುವುದು ಡ್ರಮ್ಸ್. ತಳಪಾಯದ ಸ್ವರವನ್ನು ಹಿಡಿದು ನಡೆಯುವುದು ಬೇಸ್ ಗಿಟಾರ್. ಹಲವು ಸ್ವರಗಳನ್ನು ಒಟ್ಟಿಗೆ ಮೀಟಿ ನಡುವಿನ ಜಾಗವನ್ನು ತುಂಬುವುದು ರಿದಮ್ ಗಿಟಾರ್. ಇವೆಲ್ಲವುಗಳ ಮೇಲೆ ಒಂಟಿ ಸ್ವರಗಳ ಎಳೆಯನ್ನು ಹರಿಸುವುದು ಲೀಡ್ ಗಿಟಾರ್. ರಿದಮ್ ಮತ್ತು ಲೀಡ್ ಎಂಬುವು ಎರಡು ಜಾತಿಯ ವಾದ್ಯಗಳಲ್ಲ. ಒಂದೇ ಜಾತಿಯ ಗಿಟಾರು ಮಾಡುವ ಎರಡು ಕೆಲಸಗಳು.

ಈ ನಾಲ್ಕನ್ನು ಬೇರ್ಪಡಿಸಿ ಕೇಳಲು ಮೊದಲು ಯಾವ ಆಲ್ಬಮನ್ನು ಕೈಗೆತ್ತಿಕೊಳ್ಳಬೇಕು? ನನ್ನ ಅಭಿಪ್ರಾಯದಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದ ಮೊದಲ ಆಲ್ಬಮ್ ಆದ ‘ಪ್ಲೀಸ್ ಪ್ಲೀಸ್ ಮಿ’ಗಿಂತ ಅನುಕೂಲವಾದುದು ಬೇರೊಂದಿಲ್ಲ. ಅದರಲ್ಲಿ ಒಟ್ಟು ಹದಿನಾಲ್ಕು ಹಾಡುಗಳಿವೆ. ಅವುಗಳಲ್ಲಿ ಹತ್ತನ್ನು 1963ರ ಫೆಬ್ರವರಿ 11ರ ಒಂದೇ ದಿನದಲ್ಲಿ, ಲಂಡನ್ನಿನ ಅಬೀ ರೋಡ್ ಬೀದಿಯಲ್ಲಿದ್ದ ಇ.ಎಂ.ಐ. ಸಂಸ್ಥೆಯ ಸ್ಟುಡಿಯೋದಲ್ಲಿ ಮುದ್ರಿಸಿಕೊಂಡರು. ಡ್ರಮ್ಸ್ ರಿಂಗೋ ಸ್ಟಾರ್‌ನದು, ಬೇಸ್ ಪಾಲ್ ಮೆಕಾರ್ಟ್ನಿಯದು, ರಿದಮ್ ಗಿಟಾರ್ ಜಾನ್ ಲೆನನ್‌ನದು, ಲೀಡ್ ಗಿಟಾರ್ ಜಾರ್ಜ್ ಹ್ಯಾರಿಸನ್‌ನದು. ಮುಂದೆ 1966ರಲ್ಲಿ ಭಾರತಕ್ಕೆ ಬಂದು ಪಂಡಿತ ರವಿಶಂಕರರಲ್ಲಿ ಸಿತಾರ್ ಕಲಿತವನೂ ಇದೇ ಹ್ಯಾರಿಸನ್.

ಈ ಆಲ್ಬಮು ಕಲಿಯುವವರಿಗೆ ಅನುಕೂಲವಾಗುವುದಕ್ಕೆ ಒಂದು ವಿಶೇಷ ಕಾರಣವಿದೆ. ಅಂದಿನ ಮುದ್ರಣಯಂತ್ರದ ಟೇಪಿನಲ್ಲಿ ಇದ್ದುದು ಎರಡೇ ಜಾಡುಗಳು. ಒಂದರಲ್ಲಿ ವಾದ್ಯಗಳನ್ನೂ ಇನ್ನೊಂದರಲ್ಲಿ ಕಂಠಗಳನ್ನೂ ಮುದ್ರಿಸಿಕೊಂಡರು. ಹಾಡುಗಳ ಸ್ಟೀರಿಯೋ ರೂಪವನ್ನು ಸಿದ್ಧಪಡಿಸುವಾಗ ವಾದ್ಯಗಳ ಜಾಡನ್ನು ಎಡಗಿವಿಗೂ ಕಂಠಗಳ ಜಾಡನ್ನು ಬಲಗಿವಿಗೂ ಒಪ್ಪಿಸಿದರು. ಆದ್ದರಿಂದ ಎರಡೂ ಕಿವಿಗಳಿಗೆ ಇಯರ್‌ಫೋನ್ ಹಾಕಿಕೊಂಡು, ಬಳಿಕ ಬಲಗಿವಿಯದನ್ನು ತೆಗೆದುಬಿಟ್ಟರೆ ಹಾಡುಗಾರಿಕೆ ಬಹುಮಟ್ಟಿಗೆ ಮರೆಯಾಗಿ ವಾದ್ಯಗಳಷ್ಟೇ ಉಳಿಯುತ್ತವೆ. ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಹಾಡಿ ಬಾರಿಸಿದ್ದರಿಂದ ಒಂದರ ದನಿ ಇನ್ನೊಂದರೊಳಗೆ ಮಂದವಾಗಿ ಸೋರಿರುವುದು ನಿಜ. ಆದರೆ ಅದರಿಂದ ನಮ್ಮ ಕೆಲಸ ಕೆಡುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇದೇ ಹಾಡುಗಳ ಮಾನೋ ರೂಪವೂ ಉಂಟು. ಅದರಲ್ಲಿ ಎರಡೂ ಕಿವಿಗಳಿಗೆ ಎಲ್ಲವೂ ಸಮವಾಗಿ ಬರುತ್ತದೆ. ಮೊದಲನೆಯ ಹಾಡಾದ ‘ಐ ಸಾ ಹರ್ ಸ್ಟ್ಯಾಂಡಿಂಗ್ ದೇರ್’ ಎಂಬುದಕ್ಕೆ 2023ರಲ್ಲಿ ಹೊರಬಂದ ಹೊಸ ಮಿಶ್ರಣವೊಂದೂ ಇದ್ದು, ಅದರಲ್ಲಿ ವಾದ್ಯಗಳನ್ನು ಎರಡು ಕಡೆಗೂ ಹರಡಿದ್ದಾರೆ. ನಿಮಗೆ ಸಿಕ್ಕಿದ್ದು ಯಾವುದೆಂದು ತಿಳಿಯಲು ಎಡಗಿವಿಯ ಇಯರ್‌ಫೋನನ್ನು ತೆಗೆದು ನೋಡಿರಿ. ಕಂಠವೊಂದೇ ಎದ್ದು ಕೇಳಿಸಿದರೆ ಅದು ನಮಗೆ ಬೇಕಾದ ಹಳೆಯ ಸ್ಟೀರಿಯೋ. ಏನೊಂದೂ ಬದಲಾಗದಿದ್ದರೆ ಮಾನೋ.

ಈಗ ಆ ಮೊದಲನೆಯ ಹಾಡನ್ನೇ ತೆಗೆದುಕೊಳ್ಳೋಣ. ಅದರ ಅವಧಿ ಮೂರು ನಿಮಿಷಕ್ಕೂ ಕಡಿಮೆ. ಅದನ್ನು ನಾಲ್ಕು ಬಾರಿ ಕೇಳಬೇಕು. ಪ್ರತಿ ಬಾರಿಯೂ ಒಂದೇ ವಾದ್ಯದ ಬೆನ್ನು ಹತ್ತಬೇಕು. ಮೊದಲ ಸಲವೇ ನಾಲ್ಕನ್ನೂ ಹಿಡಿಯಹೊರಟವನಿಗೆ ಯಾವುದೂ ದಕ್ಕುವುದಿಲ್ಲ.

ಮೊದಲನೆಯ ಬಾರಿ ಡ್ರಮ್ಸ್. ಹಾಡು ತೊಡಗುವ ಮೊದಲು ಮೆಕಾರ್ಟ್ನಿ ಒಂದರಿಂದ ನಾಲ್ಕರವರೆಗೆ ಗಟ್ಟಿಯಾಗಿ ಎಣಿಸುತ್ತಾನೆ. ಆ ಎಣಿಕೆಯನ್ನು ಬಿಡದೆ ನೀವೂ ಬೆರಳಿನಿಂದ ಮುಂದುವರಿಸಿರಿ: ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು, ಎರಡು, ಮೂರು, ನಾಲ್ಕು. ಇದು ನಾಲ್ಕು ಮಾತ್ರೆಗಳ ಆವರ್ತನ. ನಡೆ ಬಹಳ ಚುರುಕು. ನಿಮಿಷಕ್ಕೆ ಸುಮಾರು 160 ಮಾತ್ರೆಗಳು. ಈಗ ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗಳ ಮೇಲೆ ‘ಠಪ್’ ಎಂದು ಬೀಳುವ ಪೆಟ್ಟನ್ನು ಗಮನಿಸಿರಿ. ಅದು ಸ್ನೇರ್ ಎಂಬ ಡ್ರಮ್ಮಿನದು. ಅದರ ಕೆಳಮುಖದ ಚರ್ಮಕ್ಕೆ ಒತ್ತಿಕೊಂಡಂತೆ ಸಣ್ಣ ತಂತಿಗಳನ್ನು ಬಿಗಿದಿರುವುದರಿಂದ ಪೆಟ್ಟಿನ ಜೊತೆಗೆ ಒಂದು ಬಗೆಯ ಚರಚರ ಸದ್ದೂ ಏಳುತ್ತದೆ. ನಮ್ಮ ತಾಳಗಳಲ್ಲಿ ಭಾರವೆಲ್ಲ ಸಮದ ಮೇಲೆ, ಅಂದರೆ ಮೊದಲನೆಯ ಮಾತ್ರೆಯ ಮೇಲೆ ಬೀಳುತ್ತದೆ. ರಾಕ್ ಸಂಗೀತದಲ್ಲಿ ಗಟ್ಟಿಯಾದ ಪೆಟ್ಟು ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. ಧಾರವಾಡದ ಕೇಳುಗನು ಅದನ್ನೇ ಸಮವೆಂದು ಭಾವಿಸಿದರೆ ಎಣಿಕೆಯು ಒಂದು ಮಾತ್ರೆಯಷ್ಟು ಸರಿದುಬಿಡುತ್ತದೆ. ಆಗ ಚರಣವು ತಿರುಗುವ ಕಡೆ ಎಲ್ಲವೂ ತಪ್ಪಿದಂತೆ ತೋರುತ್ತದೆ. ಹಾಗೆ ತೋರಿದರೆ ಹಾಡನ್ನು ಮೊದಲಿಗೆ ಒಯ್ದು ಮೆಕಾರ್ಟ್ನಿಯ ಎಣಿಕೆಯಿಂದಲೇ ಮತ್ತೆ ತೊಡಗುವುದು ಲೇಸು.

ಸ್ನೇರ್ ಸಿಕ್ಕಿತೆಂದರೆ ಉಳಿದ ಡ್ರಮ್ಮುಗಳು ತಾವಾಗಿ ಬೇರೆಯಾಗುತ್ತವೆ. ಸ್ನೇರಿಗಿಂತ ಬಹಳ ಕೆಳಗೆ, ಡಗ್ಗಾದಂತೆ ‘ಧಂ’ ಎನ್ನುವುದು ಬೇಸ್ ಡ್ರಮ್; ಅದನ್ನು ಬಲಗಾಲಿನಿಂದ ತುಳಿದು ನುಡಿಸುತ್ತಾರೆ. ಎಲ್ಲಕ್ಕಿಂತ ಮೇಲೆ, ಬಿಡುವಿಲ್ಲದೆ ‘ಝ್ಯಂ ಝ್ಯಂ’ ಎಂದು ಸಿಡಿಯುತ್ತಿರುವುದು ಹೈ-ಹ್ಯಾಟ್ ಎಂಬ ಜೋಡಿ ತಾಳಗಳು. ಭಜನೆಯ ತಾಳಗಳನ್ನು ಬಿಗಿಯಾಗಿ ಕೂಡಿಸಿದರೆ ‘ಟಿಕ್’ ಎನ್ನುತ್ತವೆ, ಸಡಿಲವಾಗಿ ತಾಗಿಸಿದರೆ ಝೇಂಕರಿಸುತ್ತವೆಯಲ್ಲವೆ? ಇದೂ ಹಾಗೆಯೇ. ಈ ಹಾಡಿನಲ್ಲಿ ರಿಂಗೋ ಅವುಗಳನ್ನು ಸಡಿಲವಾಗಿಯೇ ಬಿಟ್ಟಿದ್ದಾನೆ. ಹಾಡಿನಲ್ಲಿ ಚಪ್ಪಾಳೆಗಳೂ ಕೇಳಿಬರುತ್ತವೆ. ಅವುಗಳನ್ನು ಡ್ರಮ್ಮಿನ ಪೆಟ್ಟೆಂದು ತಿಳಿಯಬಾರದು.

ಎರಡನೆಯ ಬಾರಿ ಬೇಸ್ ಗಿಟಾರ್. ಹೊಸ ಕೇಳುಗರು ಹೆಚ್ಚಾಗಿ ಕಾಣದೆ ಹೋಗುವ ವಾದ್ಯವೆಂದರೆ ಇದೇ. ಇದಕ್ಕೆ ಸಾಮಾನ್ಯವಾಗಿ ನಾಲ್ಕೇ ತಂತಿಗಳು. ಗಿಟಾರಿನ ನಾಲ್ಕು ದಪ್ಪ ತಂತಿಗಳಿಗಿಂತ ಅವುಗಳ ಶ್ರುತಿ ಒಂದು ಪೂರ್ತಿ ಸಪ್ತಕದಷ್ಟು ಕೆಳಗೆ. ಗಿಟಾರಿನ ಅತ್ಯಂತ ದಪ್ಪ ತಂತಿಯು ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸಿದರೆ ಬೇಸಿನ ದಪ್ಪ ತಂತಿಯು ಸುಮಾರು 41 ಬಾರಿ ಕಂಪಿಸುತ್ತದೆ. ಇಷ್ಟು ಮಂದ್ರವಾದ ದನಿಯನ್ನು ಗೋಡೆಯು ತಡೆಯಲಾರದು. ತಾರದ ದನಿಗಳೆಲ್ಲ ಗೋಡೆಯಲ್ಲಿ ಅಡಗಿಹೋಗುತ್ತವೆ. ಮಂದ್ರದ ದನಿಗಳಷ್ಟೇ ಅದನ್ನು ದಾಟಿ ಬರುತ್ತವೆ. ಸಪ್ತಾಪುರದ ಕೋಣೆಯಲ್ಲಿ ಪಕ್ಕದವನಿಗೆ ಕೇಳಿಸಿದ ಗುದ್ದು ಬೇಸ್ ಗಿಟಾರ್ ಮತ್ತು ಬೇಸ್ ಡ್ರಮ್ಮುಗಳದು. ವಿಚಿತ್ರವೆಂದರೆ, ಅದೇ ಹಾಡನ್ನು ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಿದರೆ ಸ್ಥಿತಿ ತಲೆಕೆಳಗಾಗುತ್ತದೆ. ಅಷ್ಟು ಸಣ್ಣ ಸ್ಪೀಕರಿಗೆ ಇಂಥ ಮಂದ್ರವನ್ನು ಹೊರಡಿಸುವ ಶಕ್ತಿಯಿಲ್ಲ. ಬೇಸ್ ಬಹುಮಟ್ಟಿಗೆ ಮಾಯವಾಗುತ್ತದೆ. ಆದ್ದರಿಂದ ಇಯರ್‌ಫೋನ್ ಇಲ್ಲದೆ ಈ ಅಭ್ಯಾಸಕ್ಕೆ ಕೂಡುವುದು ವ್ಯರ್ಥ. ದನಿಯನ್ನು ಹೆಚ್ಚಿಸುವುದರಿಂದಲೂ ಪ್ರಯೋಜನವಿಲ್ಲ. ಕಿವಿ ದಣಿಯುತ್ತದೆ, ಅಷ್ಟೆ.

ಬೇಸ್ ಡ್ರಮ್ಮೂ ಬೇಸ್ ಗಿಟಾರೂ ಒಂದೇ ಆಳದಲ್ಲಿರುವುದರಿಂದ ಒಂದನ್ನು ಇನ್ನೊಂದೆಂದು ಭ್ರಮಿಸುವುದು ಸಹಜ. ಇವುಗಳನ್ನು ಬಿಡಿಸಲು ಸುಲಭವಾದ ಪರೀಕ್ಷೆಯೊಂದಿದೆ. ಕೇಳಿಸಿದ ದನಿಯನ್ನು ಬಾಯಿ ಮುಚ್ಚಿ ಗುನುಗಲು ಯತ್ನಿಸಿರಿ. ಡ್ರಮ್ಮಿನ ದನಿ ಹುಟ್ಟಿದ ಕ್ಷಣದಲ್ಲಿಯೇ ಸಾಯುತ್ತದೆ, ಅದರ ಸ್ವರ ಬದಲಾಗದು. ಅದನ್ನು ಗುನುಗಲು ಬಾರದು. ಬೇಸ್ ಗಿಟಾರಿನ ದನಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಸ್ವರದಿಂದ ಸ್ವರಕ್ಕೆ ನಡೆಯುತ್ತದೆ, ಅದನ್ನು ಗುನುಗಬಹುದು. ಈ ಹಾಡಿನಲ್ಲಿ ಮೆಕಾರ್ಟ್ನಿಯ ಪಿಟೀಲಿನಾಕಾರದ ಬೇಸು ಒಂದು ಮಾತ್ರೆಗೆ ಎರಡರಂತೆ, ಆವರ್ತನಕ್ಕೆ ಎಂಟು ಸ್ವರಗಳನ್ನು ನುಡಿಯುತ್ತ ಓಡುತ್ತದೆ. ಅದು ಆಧಾರ ಸ್ವರದಿಂದ ಹೊರಟು ಮೆಟ್ಟಿಲೇರಿದಂತೆ ಏರಿ ಮತ್ತೆ ಆಧಾರಕ್ಕೆ ಇಳಿಯುತ್ತದೆ. ಈ ನಡೆಯನ್ನು ತಾನು ಅಮೆರಿಕದ ಚಕ್ ಬೆರಿಯ 1961ರ ಹಾಡೊಂದರಿಂದ ತೆಗೆದುಕೊಂಡೆನೆಂದು ಮೆಕಾರ್ಟ್ನಿ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ.

ತಂಬೂರಿಯ ಷಡ್ಜವು ಬೈಠಕ್ಕಿನ ಆದಿಯಿಂದ ಅಂತ್ಯದವರೆಗೆ ಕದಲುವುದಿಲ್ಲ. ಬೇಸಿನ ಆಧಾರವು ಹಾಗಲ್ಲ. ಅದು ಸ್ಥಳ ಬದಲಿಸುತ್ತದೆ. ಹಾಡಿನ ಮೊದಲ ಸ್ವರವನ್ನು ‘ಸಾ’ ಎಂದು ಹಿಡಿದುಕೊಂಡರೆ, ಬೇಸು ಬಹುಪಾಲು ಆ ಸಾ, ಅದರ ಮಧ್ಯಮ ಮತ್ತು ಪಂಚಮ ಈ ಮೂರು ನೆಲೆಗಳ ನಡುವೆ ಓಡಾಡುತ್ತಿರುವುದು ತಿಳಿಯುತ್ತದೆ. ಪ್ರತಿ ಚರಣದ ಕೊನೆಯ ಭಾಗದಲ್ಲಿ ಗಾಯಕರು ದನಿಯನ್ನು ತಟ್ಟನೆ ಎತ್ತರಕ್ಕೆ ಒಯ್ದು ಕೂಗುವ ಒಂದು ಸ್ಥಳವಿದೆ. ಅಲ್ಲಿ ಬಲಗಿವಿಯನ್ನು ಮರೆತು ಎಡಗಿವಿಯ ತಳಕ್ಕೆ ಇಳಿಯಿರಿ. ಬೇಸು ಮಧ್ಯಮದಿಂದ ಕೋಮಲ ಧೈವತಕ್ಕೆ ಹೆಜ್ಜೆಯಿಟ್ಟಿರುತ್ತದೆ. ಇಡೀ ಹಾಡು ಒಮ್ಮೆ ಬಣ್ಣ ಬದಲಿಸಿದಂತೆ ತೋರುವುದು ಆ ಒಂದು ಸ್ವರದಿಂದ. ಮೇಲಿನ ಕೂಗು ಎಲ್ಲರಿಗೂ ಕೇಳಿಸುತ್ತದೆ. ಆ ಕೂಗಿಗೆ ಅಷ್ಟು ಕಾವು ಕೊಟ್ಟ ಕೆಳಗಿನ ಹೆಜ್ಜೆ ಕೆಲವರಿಗಷ್ಟೇ ಕೇಳಿಸುತ್ತದೆ. ಅದು ಕೇಳಿಸಿದ ದಿನ ಬೇಸ್ ಗಿಟಾರ್ ನಿಮ್ಮ ವಶವಾಯಿತೆಂದು ತಿಳಿಯಬಹುದು.

ಇನ್ನು ಉಳಿದುವು ಎರಡು ಗಿಟಾರುಗಳು. ಚರಣಗಳಲ್ಲಿ ಇವುಗಳನ್ನು ಬೇರ್ಪಡಿಸುವುದು ನಿಜವಾಗಿಯೂ ಕಷ್ಟ. ಲೆನನ್ ಮತ್ತು ಹ್ಯಾರಿಸನ್ ಇಬ್ಬರೂ ಸ್ವರಗುಚ್ಛಗಳನ್ನೇ ಮೀಟುತ್ತಾರೆ. ಇಬ್ಬರ ದನಿಯೂ ಒಂದೇ ಕಿವಿಗೆ, ಒಂದೇ ಎತ್ತರದಲ್ಲಿ ಬಂದು ಬೀಳುತ್ತದೆ. ಸಾಲು ಮುಗಿದು ಸಾಲು ತೊಡಗುವ ನಡುವಿನ ಸಂದಿಯಲ್ಲಿ ಹ್ಯಾರಿಸನ್ ಒಂದೆರಡು ಬಿಡಿ ಸ್ವರಗಳನ್ನು ಸೇರಿಸುವುದುಂಟು. ಆದರೆ ಅದನ್ನು ಹಿಡಿಯುವುದರೊಳಗೆ ಮುಂದಿನ ಸಾಲು ಬಂದಿರುತ್ತದೆ. ಇಲ್ಲಿ ಹಟ ಹಿಡಿದು ಕೂಡುವುದಕ್ಕಿಂತ ಹಾಡಿನ ನಡುವಿನವರೆಗೆ ಕಾಯುವುದು ಜಾಣತನ.

ಒಂದೂವರೆ ನಿಮಿಷದ ಸುಮಾರಿಗೆ ಮೆಕಾರ್ಟ್ನಿ ಒಂದು ಕೇಕೆ ಹಾಕುತ್ತಾನೆ. ಬಳಿಕ ಹಾಡುಗಾರಿಕೆ ನಿಂತು ಹ್ಯಾರಿಸನ್ನನ ಗಿಟಾರ್ ಒಂಟಿಯಾಗಿ ಮುಂದಕ್ಕೆ ಬರುತ್ತದೆ. ಇದಕ್ಕೆ ಸೋಲೋ ಎನ್ನುತ್ತಾರೆ. ಇದು ಹದಿನಾರು ಆವರ್ತನಗಳಷ್ಟು ನಡೆಯುತ್ತದೆ. ದನಿ ತೆಳುವಾಗಿ, ಚೂಪಾಗಿ, ಬಾವಿಯೊಳಗೆ ನುಡಿದಂತೆ ಸ್ವಲ್ಪ ಮಾರ್ದನಿಯೊಡನೆ ಇರುವುದರಿಂದ ಇದನ್ನು ಗುರುತಿಸಲು ಯಾರಿಗೂ ತೊಡಕಾಗದು. ಆದರೆ ಈಗ ಈ ಸೋಲೋವನ್ನು ಕೇಳಬೇಡಿರಿ. ಮೂರನೆಯ ಬಾರಿಯ ನಮ್ಮ ಗುರಿ ರಿದಮ್ ಗಿಟಾರ್. ಹ್ಯಾರಿಸನ್ ಬಿಡಿ ಸ್ವರಗಳಲ್ಲಿ ತೊಡಗಿರುವ ಈ ಹೊತ್ತಿನಲ್ಲಿ, ಅವನ ಹಿಂದೆ ಸ್ವರಗುಚ್ಛಗಳನ್ನು ಮೀಟುತ್ತಿರುವ ಇನ್ನೊಂದು ಗಿಟಾರ್ ಕೇಳಿಸಿದರೆ ಅದು ಲೆನನ್‌ನದೇ ಆಗಿರಬೇಕು. ಕೂಡಿದ ಲೆಕ್ಕದಿಂದ ಗೊತ್ತಿರುವ ಸಂಖ್ಯೆಯನ್ನು ಕಳೆದು ಉಳಿದುದನ್ನು ಕಾಣುವಂತೆ ಇದು. ಅದರ ದನಿಯು ಕೊಡಲಿಯಿಂದ ಕಟ್ಟಿಗೆ ಕಡಿದಂತೆ ಚಿಕ್ಕದಾಗಿ, ತುಂಡು ತುಂಡಾಗಿ, ಸ್ನೇರ್ ಡ್ರಮ್ಮಿಗೆ ಅಂಟಿಕೊಂಡಂತೆ ಬರುತ್ತದೆ. ಅನೇಕರು ಇದನ್ನು ಡ್ರಮ್ಮಿನ ಸದ್ದಿನ ಒಂದು ಭಾಗವೆಂದೇ ತಿಳಿದು ವರ್ಷಗಟ್ಟಲೆ ಕೇಳುತ್ತಾರೆ. ಸೋಲೋ ಮುಗಿದ ಮೇಲೆಯೂ ಆ ಕಡಿತದ ದನಿಯನ್ನು ಕೈಬಿಡದೆ ಮುಂದಿನ ಚರಣದೊಳಕ್ಕೆ ಹಿಂಬಾಲಿಸಿರಿ. ಒಮ್ಮೆ ಜಾಡು ಸಿಕ್ಕ ಮೇಲೆ, ಮೊದಲು ಒಂದೇ ಮುದ್ದೆಯಾಗಿದ್ದ ಎರಡು ಗಿಟಾರುಗಳು ಎರಡಾಗಿ ಕೇಳಿಸತೊಡಗುತ್ತವೆ.

ನಾಲ್ಕನೆಯ ಬಾರಿ ಲೀಡ್ ಗಿಟಾರ್. ಇದನ್ನು ಗುರುತಿಸುವುದಕ್ಕಿಂತ ಇದರ ಗುಣವನ್ನು ಅರಿಯುವುದು ಮುಖ್ಯ. ಅದಕ್ಕೆ ಈ ಹಾಡೊಂದೇ ಸಾಲದು. ಅದೇ ತಂಡದ ‘ಅಬೀ ರೋಡ್’ ಎಂಬ ಆಲ್ಬಮಿನ ಕೊನೆಯ ಭಾಗಕ್ಕೆ ಹೋಗಬೇಕು. ಅದು 1969ರ ಸೆಪ್ಟೆಂಬರಿನಲ್ಲಿ ಹೊರಬಂದಿತು. ‘ದಿ ಎಂಡ್’ ಎಂಬ ಪುಟ್ಟ ಹಾಡಿನಲ್ಲಿ ಮೊದಲು ರಿಂಗೋನ ಡ್ರಮ್ಸ್ ಸೋಲೋ ಬರುತ್ತದೆ. ಬೀಟಲ್ಸ್ ಆಲ್ಬಮುಗಳಲ್ಲಿ ಅವನು ನುಡಿಸಿದ ಡ್ರಮ್ಸ್ ಸೋಲೋ ಅದೊಂದೇ. ಅದಾದ ಬಳಿಕ ಮೆಕಾರ್ಟ್ನಿ, ಹ್ಯಾರಿಸನ್, ಲೆನನ್ ಮೂವರೂ ಇದೇ ಅನುಕ್ರಮದಲ್ಲಿ ಸರದಿಯಂತೆ ಲೀಡ್ ಗಿಟಾರ್ ನುಡಿಸುತ್ತಾರೆ. ಪ್ರತಿಯೊಬ್ಬನಿಗೂ ಸಿಗುವುದು ಎರಡು ಆವರ್ತನ, ಅಂದರೆ ಎಂಟು ಮಾತ್ರೆ. ಹೀಗೆ ಮೂರು ಸುತ್ತು, ಒಟ್ಟು ಒಂಬತ್ತು ಸರದಿ. ಬೇಸ್ ನುಡಿಸುವವನೂ ರಿದಮ್ ನುಡಿಸುವವನೂ ಇಲ್ಲಿ ಲೀಡ್ ಆಗುತ್ತಾರೆ. ಗಾಯಕನು ತಾನನ್ನು ಮುಗಿಸಿದೊಡನೆ ಹಾರ್ಮೋನಿಯಂನವನು ಅದನ್ನು ಎತ್ತಿಕೊಳ್ಳುವ ಸೊಗಸನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಎಂಟು ಮಾತ್ರೆಗಳನ್ನು ಬೆರಳಿನಲ್ಲಿ ಎಣಿಸುತ್ತ ಕೇಳಿದರೆ ಸರದಿ ಬದಲಾಗುವ ಸ್ಥಳ ತಪ್ಪುವುದಿಲ್ಲ. ಮೆಕಾರ್ಟ್ನಿಯ ಸ್ವರಗಳು ಚೂಪಾಗಿ, ಅಚ್ಚುಕಟ್ಟಾಗಿ ಬರುತ್ತವೆ. ಹ್ಯಾರಿಸನ್ ತಂತಿಯನ್ನು ಅಡ್ಡಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾನೆ. ಸಿತಾರಿನಲ್ಲಿ ಮೀಂಡ್ ತೆಗೆಯುವುದೂ ತಂತಿಯನ್ನು ಎಳೆದೇ. ಲೆನನ್‌ನ ಗಿಟಾರ್ ಒರಟು. ಅವನ ದನಿ ಗರಗಸದಂತೆ ದಪ್ಪವಾಗಿ ಗರ್ಜಿಸುತ್ತದೆ. ಮೊದಲ ಸುತ್ತಿನಲ್ಲಿ ಈ ಭೇದ ಅರೆಬರೆ ತಿಳಿದರೂ ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಹೆಸರು ಹಿಡಿದು ಕರೆಯುವಷ್ಟು ಸ್ಪಷ್ಟವಾಗುತ್ತದೆ.

ಇಷ್ಟು ಅಭ್ಯಾಸವಾದ ಮೇಲೆ ನಮ್ಮದೇ ನೆಲದ ಒಂದು ಆಲ್ಬಮಿಗೆ ಬರಬಹುದು. ಮೈಸೂರು ಮೂಲದ ರಘು ದೀಕ್ಷಿತರು 2008ರಲ್ಲಿ ತಮ್ಮ ಹೆಸರಿನಲ್ಲಿಯೇ ಹೊರತಂದ ಆಲ್ಬಮಿನಲ್ಲಿ ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಎಂಬ ತತ್ತ್ವಪದವಿದೆ. ಶರೀಫರ ಶಿಶುನಾಳವು ಈಗ ಹಾವೇರಿ ಜಿಲ್ಲೆಗೆ ಸೇರಿದ್ದರೂ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಈ ಪದವನ್ನು ಅಜ್ಜಿಯ ಬಾಯಿಂದಲೋ ಭಜನೆಯವರ ಬಾಯಿಂದಲೋ ಕೇಳದವರು ನಮ್ಮ ಕಡೆ ವಿರಳ. ಪದವು ಮೊದಲೇ ಬಾಯಿಗೆ ಬಂದಿರುವುದರಿಂದ ಮಾತನ್ನು ಹಿಡಿಯುವ ಶ್ರಮ ಕಿವಿಗಿಲ್ಲ. ಅದು ಪೂರ್ತಿಯಾಗಿ ವಾದ್ಯಗಳ ಕಡೆ ತಿರುಗಬಲ್ಲುದು. ಆದರೆ ಈ ಬಾರಿ ಕಂಠವೂ ವಾದ್ಯಗಳೂ ಬೇರೆ ಬೇರೆ ಕಿವಿಗಳಿಗೆ ಹಂಚಿಹೋಗಿಲ್ಲ. ನಮ್ಮ ನಾಲ್ಕು ವಾದ್ಯಗಳ ಜೊತೆಗೆ ಈ ತಂಡದ ಸಂಗೀತದಲ್ಲಿ ಪಿಟೀಲೂ ಸೇರಿರುತ್ತದೆ. ಲೀಡ್ ಗಿಟಾರಿನ ಕೆಲಸದಲ್ಲಿ ಎಷ್ಟೋ ಪಾಲನ್ನು ಅದು ತಾನೇ ಮಾಡಿಬಿಡುತ್ತದೆ. ಮೊದಲು ಬೆರಳಿನ ಎಣಿಕೆ, ಬಳಿಕ ಎರಡು ಮತ್ತು ನಾಲ್ಕರ ಪೆಟ್ಟು, ಬಳಿಕ ಗುನುಗಿ ನೋಡಿ ಬೇಸ್. ಅಲ್ಲಿಂದ ಮುಂದೆ, ಮೇಲೆ ಹರಿಯುತ್ತಿರುವ ಒಂಟಿ ಎಳೆಯು ಬೆರಳಿನಿಂದ ಮೀಟಿದ್ದೋ ಕಮಾನಿನಿಂದ ಎಳೆದದ್ದೋ ಎಂದು ಕೇಳಿಕೊಳ್ಳಿರಿ. ಮೀಟಿದ ಸ್ವರವು ಹುಟ್ಟುವಾಗ ಗಟ್ಟಿಯಾಗಿದ್ದು ಬರಬರುತ್ತ ಕ್ಷೀಣಿಸುತ್ತದೆ. ಕಮಾನಿನ ಸ್ವರವು ಹುಟ್ಟಿದ ಮೇಲೆಯೂ ಬೆಳೆಯಬಲ್ಲುದು.